‘ಆಯ್ತು ಸರ್’ ಅಂದರೆ ಸಾಲದು: ಕೆಲಸ ಒಪ್ಪಿಕೊಳ್ಳುವ ಮೆಸೇಜಿನಲ್ಲಿ ಏನೇನಿರಬೇಕು?

ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳಿಗೆ ಹುಬ್ಬಳ್ಳಿಯ ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ ಎಂದು ಇಟ್ಟುಕೊಳ್ಳೋಣ. ಅಕ್ಟೋಬರ್ 13, ಮಂಗಳವಾರ ಆಫರ್ ಲೆಟರ್ ಮೇಲ್‌ಗೆ ಬರುತ್ತದೆ. ತಿಂಗಳಿಗೆ 18,500 ರೂಪಾಯಿ ಸಂಬಳ. ಅಕ್ಟೋಬರ್ 26, ಸೋಮವಾರ ಬೆಳಿಗ್ಗೆ 9.30ಕ್ಕೆ ಹಾಜರಾಗಬೇಕು. ಒಪ್ಪಿಗೆ ಇದ್ದರೆ ಪ್ರತಿ ಪುಟಕ್ಕೂ ಸಹಿ ಹಾಕಿ, ಸ್ಕ್ಯಾನ್ ಮಾಡಿ, 16ನೇ ತಾರೀಖು ಶುಕ್ರವಾರ ಸಂಜೆಯೊಳಗೆ ಇದೇ ಮೇಲ್‌ಗೆ ಕಳಿಸಬೇಕು. ಕೊನೆಯ ಪುಟದಲ್ಲಿ ತರಬೇಕಾದ ಕಾಗದಪತ್ರಗಳ ಪಟ್ಟಿಯಿದೆ.

ಎಚ್.ಆರ್. ಫೋನ್ ಮಾಡಿ ‘ಲೆಟರ್ ನೋಡಿದ್ರಾ?’ ಎಂದು ಕೇಳಿದಾಗ ಹುಡುಗಿ ‘ನೋಡೇನ್ರಿ ಸರ್ರ, ಭಾಳ ಥ್ಯಾಂಕ್ಸ್‌ರಿ’ ಎನ್ನುತ್ತಾಳೆ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಾಲು ಬರೆಯುತ್ತಾಳೆ: ‘ಓಕೆ ಸರ್, ಸೀಗಿ ಹುಣ್ಣಿಮೆ ಮುಗಿಸಿಕೊಂಡು ಬರ್ತೀನಿ.’ ಅವಳ ಲೆಕ್ಕದಲ್ಲಿ ವಿಷಯ ಮುಗಿಯಿತು. ಕಂಪನಿಯ ಕಡತದಲ್ಲಿ ಮಾತ್ರ ಅದು ಇನ್ನೂ ಶುರುವೇ ಆಗಿಲ್ಲ. ಸಹಿ ಮಾಡಿದ ಪ್ರತಿ ಹೋಗಿಲ್ಲ. ಒಪ್ಪಿದ್ದು ಯಾವ ತಾರೀಖನ್ನು ಎಂಬುದು ಬರಹದಲ್ಲಿಲ್ಲ. ಅವಳ ಪಿಡಿಸಿ ಇನ್ನೂ ಕೈಗೆ ಬಂದಿಲ್ಲ ಎಂಬ ಸಂಗತಿ ಎಚ್.ಆರ್.ಗೆ ಗೊತ್ತೇ ಇಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗ ಹುಡುಗಿಯರಿಗೆ ಸಂದರ್ಶನದ ತಯಾರಿ ಹೇಳಿಕೊಡುವವರು ಸಾಕಷ್ಟಿದ್ದಾರೆ. ಆಫರ್ ಬಂದ ಮೇಲೆ ಕಳಿಸಬೇಕಾದ ಈ ಒಂದು ಮೆಸೇಜಿನ ಬಗ್ಗೆ ಹೇಳಿಕೊಡುವವರು ಕಡಿಮೆ. ಅದನ್ನು ಬರೀ ಕೃತಜ್ಞತೆಯ ಮಾತು ಎಂದುಕೊಳ್ಳುವುದರಿಂದಲೇ ತೊಡಕುಗಳು ಹುಟ್ಟುತ್ತವೆ.

ಕಾನೂನಿನ ಕಣ್ಣಲ್ಲಿ ಆಫರ್ ಲೆಟರ್ ಒಂದು ಪ್ರಸ್ತಾವ. ಅದಕ್ಕೆ ಕೊಡುವ ಉತ್ತರ ಒಪ್ಪಿಗೆ. ಎರಡೂ ಸೇರಿದರೆ ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಇಲ್ಲಿ ಎರಡು ಮಾತು ಹೇಳುತ್ತದೆ. ಮೊದಲನೆಯದು, ಒಪ್ಪಿಗೆ ಪೂರ್ತಿಯಾಗಿರಬೇಕು, ಅದಕ್ಕೆ ಷರತ್ತು ಅಂಟಿಕೊಂಡಿರಬಾರದು. ಎರಡನೆಯದು, ಒಪ್ಪಿಗೆಯನ್ನು ಇಂಥ ರೀತಿಯಲ್ಲೇ ತಿಳಿಸಿ ಎಂದು ಪ್ರಸ್ತಾವ ಕೊಟ್ಟವರು ಹೇಳಿದ್ದರೆ ಹಾಗೆಯೇ ತಿಳಿಸಬೇಕು. ಬೇರೆ ರೀತಿಯಲ್ಲಿ ತಿಳಿಸಿದಾಗ ‘ನಾವು ಹೇಳಿದಂತೆಯೇ ಕಳಿಸಿ’ ಎಂದು ಸಕಾಲದಲ್ಲಿ ಪಟ್ಟು ಹಿಡಿಯುವ ಹಕ್ಕು ಅವರಿಗಿದೆ. ಅವರು ಸುಮ್ಮನಿದ್ದುಬಿಟ್ಟರೆ ಬಂದ ಒಪ್ಪಿಗೆಯನ್ನೇ ಸ್ವೀಕರಿಸಿದಂತೆ. ಆದರೆ ಸುಮ್ಮನಿರುತ್ತಾರೆ ಎಂದು ನಂಬಿ ಕೂರಲು ಬರುವುದಿಲ್ಲ. ಹುಬ್ಬಳ್ಳಿಯ ಆ ಲೆಟರ್ ಸಹಿ ಮಾಡಿದ ಪ್ರತಿಯನ್ನು ಮೇಲ್‌ನಲ್ಲಿ ಕೇಳಿದೆ. ವಾಟ್ಸ್ಆ್ಯಪ್‌ನ ‘ಓಕೆ’ ಅದರ ಜಾಗ ತುಂಬುವುದಿಲ್ಲ.

ಹಾಗೆಂದು ಮೆಸೇಜಿಗೆ ಬೆಲೆಯೇ ಇಲ್ಲ ಎಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಆಮೇಲೆ ಸೇರಿಸಿದ 10ಎ ಸೆಕ್ಷನ್ ಪ್ರಕಾರ, ಪ್ರಸ್ತಾವ ಮತ್ತು ಒಪ್ಪಿಗೆ ಎಲೆಕ್ಟ್ರಾನಿಕ್ ರೂಪದಲ್ಲಿ ನಡೆದವು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಬೇರೆ ದೇಶದ ಒಂದು ಪ್ರಕರಣ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 2021ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಧಾನ್ಯ ಖರೀದಿಸುವ ಕಂಪನಿಯೊಂದು ಅಗಸೆ ಖರೀದಿಯ ಕರಾರಿಗೆ ಸಹಿ ಹಾಕಿ, ಅದರ ಫೋಟೊ ತೆಗೆದು, ಖಚಿತಪಡಿಸಿ ಎಂದು ರೈತನ ಮೊಬೈಲಿಗೆ ಕಳಿಸಿತು. ರೈತ ಹೆಬ್ಬೆರಳು ಎತ್ತಿದ ಎಮೋಜಿಯೊಂದನ್ನು ಉತ್ತರವಾಗಿ ಕಳಿಸಿದ. ಅಗಸೆ ಹೋಗಲಿಲ್ಲ, ಅಷ್ಟರಲ್ಲಿ ಬೆಲೆ ಏರಿತ್ತು. ಕರಾರು ತಲುಪಿದೆ ಎಂದಷ್ಟೇ ತಾನು ಹೇಳಿದ್ದು ಎಂಬ ರೈತನ ವಾದವನ್ನು 2023ರಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಲಿಲ್ಲ. 82 ಸಾವಿರಕ್ಕೂ ಹೆಚ್ಚು ಕೆನಡಾ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳಿಗೆ ಅನ್ವಯಿಸುವುದಿಲ್ಲ. ಆದರೆ ಅಲ್ಲಿ ಜಗಳ ಹುಟ್ಟಿದ್ದು ಎಲ್ಲಿಂದ ಎಂಬುದು ಗಮನಿಸಬೇಕಾದ ವಿಷಯ. ಒಬ್ಬರು ‘ಒಪ್ಪಿದೆ’ ಎಂದು ಓದಿದ್ದನ್ನು ಇನ್ನೊಬ್ಬರು ‘ಮುಟ್ಟಿತು’ ಎಂಬರ್ಥದಲ್ಲಿ ಕಳಿಸಿದ್ದೆ ಎಂದರು. ಕೆಲಸದ ವಿಷಯದಲ್ಲಿ ‘ಓಕೆ ಸರ್’ ಎನ್ನುವುದಕ್ಕೂ ಇದೇ ಎರಡು ಅರ್ಥಗಳಿವೆ.

ಇನ್ನು ಸೀಗಿ ಹುಣ್ಣಿಮೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಮನೆಮಗಳು ಊರು ಬಿಡುವುದು ಬೇಡ ಎಂದು ತಾಯಿ ಹೇಳುವುದು ಸಹಜ. ಎರಡು ದಿನ ತಡವಾಗಿ ಸೇರುತ್ತೇನೆ ಎಂದು ಕೇಳುವುದರಲ್ಲಿ ತಪ್ಪೂ ಇಲ್ಲ. ಕೇಳುವ ರೀತಿ ಮುಖ್ಯ. ‘28ಕ್ಕಾದರೆ ಬರುತ್ತೇನೆ’ ಎಂದು ಬರೆದರೆ ಅದು ಷರತ್ತು. ಕಟ್ಟುನಿಟ್ಟಾಗಿ ನೋಡಿದರೆ ಅದು ಒಪ್ಪಿಗೆಯೇ ಆಗುವುದಿಲ್ಲ, ಹೊಸ ಪ್ರಸ್ತಾವವಾಗುತ್ತದೆ. ಕಂಪನಿ ಬೇಡ ಎನ್ನಬಹುದು. ‘ಆಫರ್ ಒಪ್ಪಿದ್ದೇನೆ, 26ಕ್ಕೆ ಹಾಜರಾಗಲು ಸಿದ್ಧಳಿದ್ದೇನೆ. ಸಾಧ್ಯವಿದ್ದರೆ 28ಕ್ಕೆ ಅವಕಾಶ ಕೊಡಿ ಎಂಬುದು ನನ್ನ ವಿನಂತಿ’ ಎಂದು ಬರೆದರೆ ಒಪ್ಪಿಗೆ ಒಪ್ಪಿಗೆಯಾಗಿಯೇ ಉಳಿಯುತ್ತದೆ, ವಿನಂತಿ ಅದರ ಪಕ್ಕದಲ್ಲಿ ನಿಲ್ಲುತ್ತದೆ. 26ಕ್ಕೆ ಹೋಗಲು ಖಂಡಿತ ಆಗದು ಎಂದಾದರೆ ಮಾತ್ರ ದಾರಿ ಬೇರೆ: ಒಪ್ಪಿಗೆ ಕಳಿಸುವ ಮೊದಲೇ ಫೋನಿನಲ್ಲಿ ಮಾತಾಡಿ, ತಿದ್ದಿದ ತಾರೀಖಿನ ಲೆಟರನ್ನೇ ತರಿಸಿಕೊಂಡು ಅದಕ್ಕೆ ಸಹಿ ಹಾಕುವುದು ಕ್ಷೇಮ. ಮೆಸೇಜಿನಲ್ಲಿ ಹಬ್ಬದ ಹೆಸರಿಗಿಂತ ತಾರೀಖು, ವಾರ, ಹೊತ್ತು ಮೂರೂ ಇರಲಿ. ತಾರೀಖು ತಪ್ಪಿ ಬಿದ್ದರೂ ಜೊತೆಗಿರುವ ವಾರ ಅದನ್ನು ಹಿಡಿದುಕೊಡುತ್ತದೆ.

ಈಗಾಗಲೇ ಬೇರೆಡೆ ಕೆಲಸದಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನೋಟಿಸ್ ಅವಧಿ ಮುಗಿದು ರಿಲೀವಿಂಗ್ ಲೆಟರ್ ಸಿಗುವ ದಿನ ಯಾವುದು ಎಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಹೊಸ ತಾರೀಖು ಒಪ್ಪಬೇಕು. ಲಿಖಿತ ಆಫರ್ ಕೈಗೆ ಬರುವ ಮೊದಲು ರಾಜೀನಾಮೆ ಬರೆಯಬಾರದು.

ಮೆಸೇಜಿನ ಅತಿ ತೂಕದ ಭಾಗ ಕಾಗದಪತ್ರಗಳದು. ಈ ನಾಲ್ಕೂ ತಾಲ್ಲೂಕುಗಳ ಅಭ್ಯರ್ಥಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. ಕಾರಣ ಹೆಸರು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಭಾಗ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎಷ್ಟೋ ಸಲ ಬರೀ ಹೆಸರಿರುತ್ತದೆ, ತಂದೆಯ ಹೆಸರು ಬೇರೆ ಸಾಲಿನಲ್ಲಿರುತ್ತದೆ. ಆಧಾರ್‌ನಲ್ಲಿ ಮೂರೂ ಭಾಗ ಒಟ್ಟಿಗೆ ಬಂದಿರುತ್ತವೆ. ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರು ಮುಂದೆ ಹೋಗಿರಬಹುದು. ಬಿರಾದಾರ ಎಂಬುದರ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದರಲ್ಲಿ ‘ಆರ್’ಗೆ ಮುಗಿದಿದ್ದರೆ ಇನ್ನೊಂದರಲ್ಲಿ ಕೊನೆಗೆ ‘ಎ’ ಸೇರಿರುತ್ತದೆ. ಊರಿನವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಬೇರೆ ರಾಜ್ಯದಲ್ಲಿ ಕೂತು ಕಂಪನಿಯ ಪರವಾಗಿ ಹಿನ್ನೆಲೆ ಪರಿಶೀಲನೆ ಮಾಡುವವನಿಗೆ ಅವು ಮೂರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ. ಈ ಗೊಂದಲಕ್ಕೆ ಜಿಲ್ಲೆಯ ಹೆಸರೂ ಸೇರಿಕೊಳ್ಳುತ್ತದೆ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಹಳೆಯ ಶಾಲಾ ದಾಖಲೆಯಲ್ಲಿ ಬಿಜಾಪುರ, ಹೊಸ ಆಧಾರ್‌ನಲ್ಲಿ ವಿಜಯಪುರ ಇದ್ದರೆ ಅದು ತಪ್ಪಲ್ಲ, ಆದರೆ ಹೊರಗಿನವರಿಗೆ ಒಂದು ಸಾಲಿನಲ್ಲಿ ತಿಳಿಸಬೇಕಾಗುತ್ತದೆ.

ಆದ್ದರಿಂದ ಒಪ್ಪಿಗೆ ಕಳಿಸುವ ಮುನ್ನ ಒಂದು ಕೆಲಸ ಮಾಡಬೇಕು. ಎಸ್ಸೆಸ್ಸೆಲ್ಸಿ ಕಾರ್ಡು, ಡಿಗ್ರಿ ಮಾರ್ಕ್ಸ್ ಕಾರ್ಡುಗಳು, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಇವಿಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ಹೆಸರಿನಲ್ಲಿ ಸಣ್ಣ ವ್ಯತ್ಯಾಸವಿದ್ದರೆ, ‘ಈ ಎಲ್ಲ ಹೆಸರುಗಳೂ ನನ್ನವೇ’ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ತಾಲ್ಲೂಕು ಕೇಂದ್ರದ ಕೋರ್ಟಿನ ಬಳಿ ನೋಟರಿಗಳು ಸಿಗುತ್ತಾರೆ. ಕಂಪನಿ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಂಡರೆ ಖರ್ಚೂ ಓಡಾಟವೂ ಉಳಿದಾವು. ಜನ್ಮದಿನಾಂಕದ ವ್ಯತ್ಯಾಸ ಮಾತ್ರ ಅಷ್ಟು ಸುಲಭವಲ್ಲ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ ತಿದ್ದಿಸಲು ಅವಕಾಶವಿದೆ, ಜನ್ಮದಿನಾಂಕವನ್ನು ಒಂದೇ ಸಲ. ಅವಸರದಲ್ಲಿ ತಪ್ಪು ತಿದ್ದಿಸಿಕೊಂಡರೆ ಮುಂದೆ ಬಾಗಿಲು ಮುಚ್ಚಿದಂತೆ. ಎಸ್ಸೆಸ್ಸೆಲ್ಸಿ ಕಾರ್ಡನ್ನು ಮುಂದಿಟ್ಟುಕೊಂಡೇ ಆ ತಿದ್ದುಪಡಿಗೆ ಹೋಗಬೇಕು.

ಮೊದಲ ಸಲ ಕೆಲಸಕ್ಕೆ ಸೇರುವವರಿಗೆ ಪಿಎಫ್‌ನ ಯುಎಎನ್ ನಂಬರು ಆಗಬೇಕು. 2025ರ ಆಗಸ್ಟ್‌ನಿಂದ ಹೊಸ ಯುಎಎನ್ ಅನ್ನು ಸಾಮಾನ್ಯವಾಗಿ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ, ಆಧಾರ್ ಆಧಾರದ ಮೇಲೆ ಪಡೆಯುವ ಪದ್ಧತಿ ಬಂದಿದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕು. ಹಳ್ಳಿಗಳಲ್ಲಿ ಆ ನಂಬರು ಎಷ್ಟೋ ವರ್ಷದ ಹಿಂದಿನ ಅಪ್ಪನ ಸಿಮ್ ಆಗಿರುತ್ತದೆ, ಅದು ಈಗ ಚಾಲ್ತಿಯಲ್ಲೇ ಇರುವುದಿಲ್ಲ. ಸೇರುವ ದಿನ ಹುಬ್ಬಳ್ಳಿಯ ಆಫೀಸಿನಲ್ಲಿ ಕೂತು ಇದನ್ನು ಕಂಡುಕೊಳ್ಳುವ ಬದಲು, ಊರಲ್ಲಿದ್ದಾಗಲೇ ಆಧಾರ್ ಕೇಂದ್ರದಲ್ಲಿ ನಂಬರು ಬದಲಿಸಿಕೊಳ್ಳಬಹುದು. 18,500 ರೂಪಾಯಿ ಸಂಬಳದವರು ಇಎಸ್ಐ ವ್ಯಾಪ್ತಿಗೂ ಬರುತ್ತಾರೆ, ಅದರ ಮಿತಿ ತಿಂಗಳಿಗೆ 21,000. ಹಾಗಾಗಿ ಮನೆಯವರ ಆಧಾರ್ ವಿವರ, ಫೋಟೊ ಬೇಕೇ ಎಂದು ಕೇಳುವುದು ಒಳ್ಳೆಯದು. ಲೆಟರಿನ ಪಟ್ಟಿಯಲ್ಲಿ ಅದು ಬಿಟ್ಟುಹೋಗಿರುವ ಸಾಧ್ಯತೆ ಇದೆ.

ಪಿಡಿಸಿಯ ವಿಷಯಕ್ಕೆ ಬಂದರೆ, ವಿಜಯಪುರ ಜಿಲ್ಲೆಯ ಬಹುತೇಕ ಪದವಿ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ, ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ. ಫಲಿತಾಂಶ ಬಂದಿದ್ದರೂ ಪಿಡಿಸಿ ಕೈಗೆ ಬರುವುದು ತಡವಾಗಬಹುದು. ಅದಕ್ಕೆ ಕಂಪನಿಗಳು ಒಗ್ಗಿಕೊಂಡಿವೆ. ಕೊನೆಯ ಸೆಮಿಸ್ಟರಿನ ಫಲಿತಾಂಶದ ಪ್ರತಿ ಮತ್ತು ಪಿಡಿಸಿಗೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಸಮಯ ಕೊಡುತ್ತವೆ. ಒಗ್ಗದೇ ಇರುವುದು ಬಚ್ಚಿಟ್ಟ ಸಂಗತಿಗೆ. ಸೇರಿದ ಮೇಲೆ ‘ಇನ್ನೂ ಬಂದಿಲ್ರಿ’ ಎಂದರೆ ಉಳಿದ ದಾಖಲೆಗಳ ಮೇಲೂ ಅನುಮಾನ ಹುಟ್ಟುತ್ತದೆ. ಡಿಜಿಲಾಕರ್‌ನಲ್ಲಿ ಸಂಸ್ಥೆಯೇ ನೀಡಿದ ರೂಪದಲ್ಲಿ ಸಿಗುವ ಅಂಕಪಟ್ಟಿಗೆ ನಿಯಮದ ಪ್ರಕಾರ ಮೂಲಪ್ರತಿಯಷ್ಟೇ ಬೆಲೆಯಿದೆ. ನಾವೇ ಸ್ಕ್ಯಾನ್ ಮಾಡಿ ಅದರೊಳಗೆ ಏರಿಸಿಟ್ಟ ಪ್ರತಿಗೆ ಆ ಬೆಲೆಯಿಲ್ಲ. ಈ ಎರಡನ್ನೂ ಬೆರೆಸಿಕೊಂಡು ‘ಡಿಜಿಲಾಕರ್‌ನಲ್ಲಿದೆ’ ಎನ್ನುವವರು ತುಂಬಾ ಜನ.

ಇಷ್ಟು ಗೊತ್ತಾದ ಮೇಲೆ ಆ ಹುಡುಗಿಯ ಮೆಸೇಜು ಹೀಗಿರಬಹುದು:

‘ನಮಸ್ಕಾರ ಸರ್. ಅಕ್ಟೋಬರ್ 13ರಂದು ತಾವು ಕಳಿಸಿದ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಆಫರ್ ಲೆಟರ್ ಓದಿದ್ದೇನೆ. ಅದರಲ್ಲಿರುವ ಸಂಬಳ ಮತ್ತು ನಿಯಮಗಳಿಗೆ ಒಪ್ಪಿದ್ದೇನೆ. ಪ್ರತಿ ಪುಟಕ್ಕೂ ಸಹಿ ಮಾಡಿದ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಸಂದರ್ಶನದ ದಿನದಿಂದ ಇಲ್ಲಿಯವರೆಗೆ ಪ್ರತಿ ಹಂತದಲ್ಲೂ ತಾವು ಫೋನ್ ಮಾಡಿ ತಿಳಿಸಿದ್ದಕ್ಕೆ ಧನ್ಯವಾದಗಳು.

ಅಕ್ಟೋಬರ್ 26, ಸೋಮವಾರ ಬೆಳಿಗ್ಗೆ 9.30ಕ್ಕೆ ಹುಬ್ಬಳ್ಳಿ ಕಚೇರಿಯಲ್ಲಿ ಹಾಜರಾಗಲು ಸಿದ್ಧಳಿದ್ದೇನೆ. ಮನೆಯ ಕಾರ್ಯಕ್ರಮವೊಂದಿರುವುದರಿಂದ, ಸಾಧ್ಯವಿದ್ದರೆ 28, ಬುಧವಾರ ಸೇರಲು ಅವಕಾಶ ಕೊಡಬೇಕೆಂದು ವಿನಂತಿ. ಆಗದಿದ್ದರೆ 26ಕ್ಕೇ ಬರುತ್ತೇನೆ.

ಪಟ್ಟಿಯಲ್ಲಿರುವ ದಾಖಲೆಗಳೆಲ್ಲ ಸಿದ್ಧವಿವೆ, ಪಿಡಿಸಿ ಒಂದು ಬರಬೇಕಿದೆ. ಅರ್ಜಿ ಹಾಕಿದ ರಸೀದಿ ಲಗತ್ತಿಸಿದ್ದೇನೆ, ಬಂದ ಕೂಡಲೇ ಒಪ್ಪಿಸುತ್ತೇನೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನನ್ನ ಹೆಸರು ಮಾತ್ರ ಇದೆ, ಆಧಾರ್‌ನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಸೇರಿವೆ. ಇದಕ್ಕೆ ಅಫಿಡವಿಟ್ ಬೇಕೇ ಎಂದು ತಿಳಿಸಿ. ಮೂಲ ಪ್ರತಿಗಳನ್ನು ಪರಿಶೀಲನೆಗೆ ತರುತ್ತೇನೆ. ಝೆರಾಕ್ಸ್ ಎಷ್ಟು ಪ್ರತಿ ಬೇಕು, ಅಂದು ಯಾರನ್ನು ಭೇಟಿಯಾಗಬೇಕು ಎಂಬುದನ್ನೂ ತಿಳಿಸಿದರೆ ಅನುಕೂಲ.’

ಕೆಳಗೆ ಪೂರ್ತಿ ಹೆಸರು, ಮೊಬೈಲ್ ನಂಬರು. ಎಚ್.ಆರ್.ಗೆ ಕನ್ನಡ ಬಾರದಿದ್ದರೆ ಇದೇ ಕ್ರಮದಲ್ಲಿ ಸರಳ ಇಂಗ್ಲಿಷ್‌ನಲ್ಲಿ ಬರೆದರಾಯಿತು. ಧನ್ಯವಾದ ಒಂದು ಸಾಲು ಸಾಕು, ಆದರೆ ಯಾವುದಕ್ಕೆ ಎಂಬುದು ಅದರಲ್ಲಿರಲಿ. ಕನ್ಸಲ್ಟೆನ್ಸಿಯವರ ಮೂಲಕ ಕೆಲಸ ಸಿಕ್ಕಿದ್ದರೆ ಅವರಿಗೆ ಬೇರೆಯಾಗಿ ಕೃತಜ್ಞತೆ ತಿಳಿಸಬೇಕು. ಒಪ್ಪಿಗೆ ಮಾತ್ರ ಆಫರ್ ಕಳಿಸಿದ ಕಂಪನಿಯ ಮೇಲ್‌ಗೇ ಹೋಗಬೇಕು. ಕನ್ಸಲ್ಟೆನ್ಸಿಗೆ ಹೇಳಿದ್ದು ಕಂಪನಿಗೆ ಮುಟ್ಟಿತೆಂದು ಭಾವಿಸಿ ಗಡುವು ಕಳೆದುಕೊಳ್ಳುವ ಅಪಾಯ ಇಲ್ಲಿದೆ.

ಕಳಿಸುವ ಜಾಗದಲ್ಲೂ ಒಂದು ಅಪಾಯವಿದೆ. ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಅಂಗಡಿಯಾತ ಉಪಕಾರಕ್ಕೆಂದು ತನ್ನದೇ ಮೇಲ್‌ನಿಂದ ಕಂಪನಿಗೆ ಕಳಿಸಿಬಿಡುತ್ತಾನೆ. ಎಚ್.ಆರ್.ಗೆ ಅದು ಗುರುತಿಲ್ಲದ ಮೇಲ್. ಸ್ಪ್ಯಾಮ್‌ಗೆ ಬಿದ್ದರೆ ನೋಡುವವರೇ ಇಲ್ಲ. ಸ್ಕ್ಯಾನ್ ಪ್ರತಿಯನ್ನು ಪೆನ್‌ಡ್ರೈವ್‌ಗೋ ತನ್ನ ಮೇಲ್‌ಗೋ ಹಾಕಿಸಿಕೊಂಡು, ಆಫರ್ ಬಂದ ಮೇಲ್‌ಗೇ ‘ರಿಪ್ಲೈ’ ಒತ್ತಿ ಕಳಿಸಬೇಕು. ಆಗ ಲೆಟರ್ ಮತ್ತು ಒಪ್ಪಿಗೆ ಒಂದೇ ಸರಣಿಯಲ್ಲಿ ಉಳಿಯುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಆಧಾರ್, ಪ್ಯಾನ್ ಪ್ರತಿಗಳನ್ನು ಅಲ್ಲಿಯೇ ನಿಂತು ಅಳಿಸಿಸಬೇಕು. ಮೇಲ್ ಹೋದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು, ‘ಒಪ್ಪಿಗೆಯ ಮೇಲ್ ಕಳಿಸಿದ್ದೇನೆ, ತಲುಪಿದ್ದನ್ನು ತಿಳಿಸಿ ಸರ್’ ಎಂದು. ಮಾರನೆಯ ಕೆಲಸದ ದಿನದ ಸಂಜೆಯೊಳಗೆ ಉತ್ತರ ಬಾರದಿದ್ದರೆ ಫೋನ್ ಮಾಡಬೇಕು. ಅದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಇಷ್ಟಕ್ಕೆಲ್ಲ ಸಮಯ ಸಿಗಬೇಕಾದರೆ ಶುಕ್ರವಾರದ ಗಡುವಿನ ಮೇಲ್ ಬುಧವಾರ ಅಥವಾ ಗುರುವಾರವೇ ಹೊರಡಬೇಕು.

ತಾರೀಖು ಒಪ್ಪುವಾಗ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಸೊಲ್ಲಾಪುರ–ಗದಗ ರೈಲು ಮಾರ್ಗದಲ್ಲಿವೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲಿಲ್ಲ. ಬೆಂಗಳೂರಿನ ಕೆಲಸವಾದರೆ ರಾತ್ರಿಯಿಡೀ ಪ್ರಯಾಣ. ಸೋಮವಾರ ಬೆಳಿಗ್ಗೆಯೇ ಹಾಜರಾಗಬೇಕಾದವರು ಭಾನುವಾರ ರಾತ್ರಿಯ ಬಸ್ಸನ್ನು ನೆಚ್ಚಿಕೊಳ್ಳದೆ ಒಂದು ದಿನ ಮೊದಲೇ ಕೆಲಸದ ಊರು ಸೇರುವುದು ಒಳ್ಳೆಯದು. ಸಂಬಳದ ಲೆಕ್ಕ ಸೇರಿದ ದಿನದಿಂದ. ತಿಂಗಳ ಕೊನೆಯ ವಾರ ಸೇರಿದರೆ ಆ ಕೆಲವು ದಿನಗಳ ಹಣ ಮುಂದಿನ ತಿಂಗಳ ಸಂಬಳದ ಜೊತೆಗೆ ಬರುವುದುಂಟು. ರೂಮಿನ ಅಡ್ವಾನ್ಸ್ ಹೊಂದಿಸಬೇಕಾದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಒಪ್ಪಿಗೆ ಕಳಿಸಿದ ಮೇಲೆ ಆ ಕಡೆಯಿಂದ ಹಣದ ಮಾತು ಬಂದರೆ, ಅಂದರೆ ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೇನಿಂಗ್ ಫೀ, ಪರಿಶೀಲನೆ ಶುಲ್ಕ ಎಂದು ಯುಪಿಐ ನಂಬರು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಆಫರ್ ನಿಜವೇ ಎಂದು ಕೇಳಬೇಕು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೂಲ ಮಾರ್ಕ್ಸ್ ಕಾರ್ಡುಗಳನ್ನು ‘ನಮ್ಮಲ್ಲೇ ಇರಲಿ’ ಎಂದು ಕೇಳಿದರೂ ಕೊಟ್ಟು ಬರಬಾರದು. ತೋರಿಸಿ, ಹೋಲಿಸಿ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳಬೇಕು. ಝೆರಾಕ್ಸ್ ಪ್ರತಿಗಳ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂಬುದನ್ನೂ ತಾರೀಖನ್ನೂ ಬರೆದು ಸಹಿ ಹಾಕಿದರೆ ಅವು ಬೇರೆಡೆ ಬಳಕೆಯಾಗುವುದು ಕಷ್ಟ.

ಯುವನಿಧಿ ಪಡೆಯುತ್ತಿರುವ ಪದವೀಧರರು ಕೆಲಸಕ್ಕೆ ಸೇರಿದ ಮೇಲೆ ‘ನಿರುದ್ಯೋಗಿ’ ಎಂಬ ಸ್ವಯಂ ಘೋಷಣೆ ಮುಂದುವರಿಸುವಂತಿಲ್ಲ. ತಿಂಗಳಿಗೆ 3,000 ರೂಪಾಯಿಯ ಆ ಭತ್ಯೆ ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ.

ಆಫರ್ ಒಪ್ಪಿದ್ದೇ ನೇಮಕಾತಿ ಅಲ್ಲ ಎಂಬುದೂ ನೆನಪಿರಲಿ. ದಾಖಲೆ ಪರಿಶೀಲನೆಯಲ್ಲಿ ಸರಿಯೆನಿಸಿದರೆ ಮಾತ್ರ ಎಂಬ ಷರತ್ತು ಸಾಮಾನ್ಯವಾಗಿ ಆ ಲೆಟರಿನಲ್ಲೇ ಇರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಉದ್ಯೋಗಿಗಳಿಗೆ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. ಸೇರಿದ ದಿನ ಅದನ್ನು ಕೇಳಿ ಪಡೆದು, ಹುದ್ದೆ, ಸಂಬಳ, ಸೇರಿದ ತಾರೀಖು ಈ ಮೂರನ್ನು ಒಪ್ಪಿಗೆಯ ಮೇಲ್ ಜೊತೆ ಅಲ್ಲಿಯೇ ಹೋಲಿಸಬೇಕು. 28 ಎಂದು ಇಬ್ಬರೂ ಒಪ್ಪಿದ್ದು ಪತ್ರದಲ್ಲಿ 26 ಎಂದೇ ಉಳಿದಿದ್ದರೆ, ಎಚ್.ಆರ್. ಮೇಜಿನ ಮುಂದೆ ನಿಂತಾಗಲೇ ತಿದ್ದಿಸಿಕೊಳ್ಳಬಹುದು.